ಮೇಲ್ ಇದೆ, ಹುಡುಕಿದರೆ ಸಿಗುತ್ತಿಲ್ಲ

ಕಂಪ್ಯೂಟರಿನಲ್ಲಿ ಮೇಲ್ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಒಂದು ಹೆಸರು ಟೈಪ್ ಮಾಡುತ್ತೀರಿ. ಒಂದೂ ಪತ್ರ ಬರುವುದಿಲ್ಲ. ಆಗ ಹೆಚ್ಚಿನವರು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಆ ಪತ್ರ ಬಂದೇ ಇರಲಿಲ್ಲ, ಇಲ್ಲವೇ ಯಾರೋ ಅಳಿಸಿಬಿಟ್ಟಿದ್ದಾರೆ. ಆದರೆ ಪತ್ರ ಇದ್ದಲ್ಲೇ ಇದ್ದು, ಹುಡುಕಾಟ ಮಾತ್ರ ಕೆಟ್ಟಿರುವುದೂ ಉಂಟು. ಇದು ಗೊತ್ತಿಲ್ಲದೆ "ನಿಮ್ಮ ಪತ್ರ ನಮಗೆ ತಲುಪಿಲ್ಲ" ಎಂದು ಬರೆದು ಕಳಿಸಿ, ಆಮೇಲೆ ತೊಂದರೆಗೆ ಸಿಲುಕುವವರಿದ್ದಾರೆ. ಮೇಲ್ ಅನ್ನು ಬ್ರೌಸರಿನಲ್ಲಿ ಓದದೆ ಕಂಪ್ಯೂಟರಿಗೇ ಇಳಿಸಿಕೊಂಡು ಓದುವ ಎಲ್ಲರೂ ಈ ಸಂಗತಿಯನ್ನು ತಿಳಿದಿರಬೇಕು. ಇಲ್ಲಿ ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶವನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಅದರ ಒಳಗಿನ ವ್ಯವಸ್ಥೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಮೊದಲು ತಿಳಿಯಬೇಕಾದದ್ದು ಇಷ್ಟು: ನೀವು ಹುಡುಕಿದಾಗ ತಂತ್ರಾಂಶ ನಿಮ್ಮ ಪತ್ರಗಳನ್ನು ಓದುವುದೇ ಇಲ್ಲ. ಹತ್ತು ವರ್ಷಗಳ ಪತ್ರಗಳನ್ನು ಪ್ರತಿ ಸಲವೂ ಮೊದಲಿನಿಂದ ಓದುತ್ತಾ ಕೂತರೆ ಉತ್ತರ ಬರಲು ನಿಮಿಷಗಳೇ ಹಿಡಿದಾವು. ಅದಕ್ಕಾಗಿ ಅದು ಪತ್ರ ಬಂದಾಗಲೇ ಅದರಲ್ಲಿರುವ ಪದಗಳನ್ನು ಬಿಡಿಸಿ, ಯಾವ ಪದ ಯಾವ ಪತ್ರದಲ್ಲಿದೆ ಎಂದು ಬೇರೊಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ದಪ್ಪ ಗ್ರಂಥವೊಂದರ ಕೊನೆಯಲ್ಲಿರುವ ಪದಸೂಚಿಯಂತೆ. ಸೂಚಿಯ ಹಾಳೆ ಹರಿದಿದ್ದರೆ ಗ್ರಂಥದೊಳಗಿನ ಮಾತು ಅಳಿದಿರುವುದಿಲ್ಲ. ಹುಡುಕುವವನಿಗೆ ಪುಟಸಂಖ್ಯೆ ಸಿಗುವುದಿಲ್ಲ, ಅಷ್ಟೆ.

ಥಂಡರ್‌ಬರ್ಡ್‌ನಲ್ಲಿ ಈ ಸೂಚಿಯ ಹೆಸರು `global-messages-db.sqlite`. 2009ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಈ ವ್ಯವಸ್ಥೆ ಇದೆ. ಪತ್ರದ ವಿಷಯ, ಒಡಲು, ಕಳಿಸಿದವರು, ಪಡೆದವರು ಮತ್ತು ಲಗತ್ತಿಸಿದ ಕಡತಗಳ ಹೆಸರು ಇದರೊಳಗೆ ಸೇರುತ್ತವೆ. ಪತ್ರಗಳು ಇರುವುದೇ ಬೇರೆ ಕಡೆ: ಸಾಮಾನ್ಯವಾಗಿ ಪ್ರತಿ ಫೋಲ್ಡರಿಗೂ `Inbox` ಎಂಬಂತಹ, ಬಾಲವಿಲ್ಲದ ಹೆಸರಿನ ಒಂದು ದೊಡ್ಡ ಕಡತವಿರುತ್ತದೆ. ಅದರ ಪಕ್ಕದಲ್ಲಿ `Inbox.msf` ಎಂಬ ಚಿಕ್ಕ ಕಡತವೊಂದಿದ್ದು, ಆ ಫೋಲ್ಡರಿನ ಪತ್ರಗಳ ಪಟ್ಟಿಯನ್ನಷ್ಟೇ ಹಿಡಿದಿಡುತ್ತದೆ. ಈ ಮೂರರಲ್ಲಿ ಬಾಲವಿಲ್ಲದ ಕಡತವೇ ಆಸ್ತಿ. ಉಳಿದೆರಡು ಹಾಳಾದರೆ ಅದರಿಂದಲೇ ಮತ್ತೆ ಕಟ್ಟಿಕೊಳ್ಳಬಹುದು. ಅದೇ ಹೋದರೆ, ಬೇರೆಡೆ ಪ್ರತಿ ಇಲ್ಲದಿದ್ದಲ್ಲಿ, ಪತ್ರಗಳೇ ಹೋದವು. ದುರಸ್ತಿಗೆ ಕೈಹಾಕುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ಸೂಚಿ ಕೆಡುವುದು ಹೇಗೆ? ಅದು ಸದಾ ಬರೆಸಿಕೊಳ್ಳುತ್ತಲೇ ಇರುವ ಕಡತ. ಬರೆಯುವ ಹೊತ್ತಿಗೆ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ, ಡಿಸ್ಕಿನಲ್ಲಿ ಜಾಗ ಮುಗಿದರೆ, ಆ್ಯಂಟಿವೈರಸ್ ನಡುವೆ ಬಂದು ಕಡತವನ್ನು ಹಿಡಿದಿಟ್ಟುಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಇಡೀ ಮೇಲ್ ಫೋಲ್ಡರನ್ನು ಕ್ಲೌಡ್ ಸಿಂಕ್ ಆಗುವ ಜಾಗದಲ್ಲೋ ನೆಟ್‌ವರ್ಕ್ ಡಿಸ್ಕಿನಲ್ಲೋ ಇಟ್ಟರೆ ಅಪಾಯ ಇನ್ನೂ ಹೆಚ್ಚು. ತಂತ್ರಾಂಶ ಒಂದು ಕಡೆ ಬರೆಯುತ್ತಿರುವಾಗ ಸಿಂಕ್ ಮಾಡುವ ತಂತ್ರಾಂಶ ಅದೇ ಕಡತದ ಹಳೆಯ ಪ್ರತಿಯನ್ನು ತಂದು ಹಾಕಿಬಿಡಬಹುದು.

ಸೂಚಿ ಪೂರ್ತಿ ಕೆಟ್ಟರೆ ಒಂದು ರೀತಿಯಲ್ಲಿ ಒಳ್ಳೆಯದೇ. ಏನು ಹುಡುಕಿದರೂ ಸಿಗದಿದ್ದಾಗ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ಮೋಸ ಮಾಡುವುದು ಅರೆಬರೆ ಸೂಚಿ. ಹತ್ತು ಪತ್ರ ಇರಬೇಕಾದ ಕಡೆ ಆರನ್ನು ತೋರಿಸುತ್ತದೆ; ನೋಡಿದವರು ಇಷ್ಟೇ ಇರುವುದೆಂದು ನಂಬುತ್ತಾರೆ. ಉಳಿದ ನಾಲ್ಕರ ಬಗ್ಗೆ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಇರುವುದಿಲ್ಲ.

ಹಾಗಾದರೆ ಕೆಟ್ಟಿರುವುದು ಸೂಚಿಯೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಕಣ್ಣಿಗೆ ಕಾಣುತ್ತಿರುವ ಪತ್ರದಿಂದಲೇ ಶುರುಮಾಡಬೇಕು. ಫೋಲ್ಡರ್ ತೆರೆದು ಯಾವುದಾದರೂ ಒಂದು ಪತ್ರವನ್ನು ಆರಿಸಿ, ಅದರ ವಿಷಯದ ಸಾಲಿನಿಂದ ಅಪರೂಪದ ಒಂದು ಇಡೀ ಪದವನ್ನು ತೆಗೆದುಕೊಳ್ಳಿ. `Ctrl+K` ಒತ್ತಿದರೆ ಮೇಲಿನ ಹುಡುಕು ಪೆಟ್ಟಿಗೆಗೆ ಹೋಗುತ್ತೀರಿ. ಅಲ್ಲಿ ಆ ಪದ ಕೊಡಿ. ಆಮೇಲೆ ಅದೇ ಪದವನ್ನು `Ctrl+Shift+F` ಒತ್ತಿದಾಗ ತೆರೆಯುವ `Search Messages` ಕಿಟಕಿಯಲ್ಲಿ, ಆ ಫೋಲ್ಡರನ್ನು ಆರಿಸಿ ಹುಡುಕಿ. ಎರಡರ ದಾರಿಯೂ ಬೇರೆ. ಮೊದಲನೆಯದು ಸೂಚಿಯನ್ನು ಕೇಳುತ್ತದೆ. ಎರಡನೆಯದು ಆ ಸೂಚಿಯ ಹಂಗಿಲ್ಲದೆ ಫೋಲ್ಡರಿನ ಪತ್ರಗಳನ್ನೇ ಒಂದೊಂದಾಗಿ ನೋಡುತ್ತದೆ, ಅದಕ್ಕೇ ನಿಧಾನ. ಎರಡನೆಯದರಲ್ಲಿ ಸಿಕ್ಕಿ ಮೊದಲನೆಯದರಲ್ಲಿ ಸಿಗದಿದ್ದರೆ ಪತ್ರ ಕ್ಷೇಮ, ಸೂಚಿಯಲ್ಲಿ ಕೊರತೆ ಇದೆ ಎಂದರ್ಥ.

ಕೊರತೆ ಇದೆ ಎಂದ ಮಾತ್ರಕ್ಕೆ ಸೂಚಿ ಕೆಟ್ಟಿದೆ ಎಂದೇನೂ ಅಲ್ಲ. ಕೆಲವು ಸಂಗತಿಗಳು ಅದರೊಳಗೆ ಸೇರುವುದೇ ಇಲ್ಲ. ಲಗತ್ತಿಸಿದ ಪಿಡಿಎಫ್‌ನ ಹೆಸರು ಸೇರುತ್ತದೆ, ಒಳಗಿನ ಮಾತು ಸೇರುವುದಿಲ್ಲ. ಕಸದ ಫೋಲ್ಡರ್ ಮತ್ತು ಜಂಕ್ ಫೋಲ್ಡರುಗಳನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಪದದ ನಡುವಿನ ತುಂಡನ್ನು ಕೊಟ್ಟರೂ ಪ್ರಯೋಜನವಿಲ್ಲ: ಪತ್ರದಲ್ಲಿ INV4471 ಎಂದಿದ್ದು ನೀವು 4471 ಎಂದು ಹುಡುಕಿದರೆ ಸಿಗದು, ಏಕೆಂದರೆ ಸೂಚಿಗೆ ಅದು ಒಂದೇ ಪದ. ಇನ್ನು ಐಮ್ಯಾಪ್ ಖಾತೆಯಲ್ಲಿ, ಅಂದರೆ ಪತ್ರಗಳ ಮೂಲ ಸರ್ವರಿನಲ್ಲೇ ಉಳಿಯುವ ಖಾತೆಯಲ್ಲಿ, ಪತ್ರದ ಒಡಲು ನಿಮ್ಮ ಕಂಪ್ಯೂಟರಿಗೆ ಇಳಿದಿರದಿದ್ದರೆ ವಿಷಯ ಮತ್ತು ಕಳಿಸಿದವರ ಹೆಸರು ಸಿಗುತ್ತವೆ, ಒಳಗಿನ ಪದಗಳು ಸಿಗುವುದಿಲ್ಲ. ಇದಕ್ಕೆ ಖಾತೆಯ ಸೆಟ್ಟಿಂಗಿನಲ್ಲಿ `Synchronization & Storage` ಎಂಬಲ್ಲಿ ಪತ್ರಗಳನ್ನು ಕಂಪ್ಯೂಟರಿನಲ್ಲಿ ಇರಿಸಿಕೊಳ್ಳುವ ಗುರುತು ಹಾಕಿ, ಅವು ಇಳಿಯುವವರೆಗೆ ಕಾಯಬೇಕು.

ಎರಡು ಗುರುತುಗಳನ್ನೂ ನೋಡಿಬಿಡಿ. ಸೆಟ್ಟಿಂಗಿನ `General` ಭಾಗದಲ್ಲಿ `Enable Global Search and Indexer` ಎಂಬುದಕ್ಕೆ ಗುರುತು ಇರಬೇಕು. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ `Properties` ತೆರೆದರೆ, ಆ ಫೋಲ್ಡರನ್ನು ಹುಡುಕಾಟಕ್ಕೆ ಸೇರಿಸಬೇಕೋ ಬೇಡವೋ ಎಂಬ ಗುರುತು ಅಲ್ಲಿರುತ್ತದೆ. ಒಂದೇ ಒಂದು ಫೋಲ್ಡರಿನ ಪತ್ರಗಳು ಮಾತ್ರ ಸಿಗುತ್ತಿಲ್ಲವೆಂದರೆ ಕಾರಣ ಇಲ್ಲೇ ಇರಬಹುದು.

ಇವೆಲ್ಲ ಸರಿಯಿದ್ದೂ ಸಿಗದಿದ್ದರೆ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಒಂದು ಉದಾಹರಣೆಯ ಮೂಲಕ ನೋಡೋಣ. ತೆರಿಗೆ ಸಲಹೆಗಾರರೊಬ್ಬರ ಕಚೇರಿ ಎಂದುಕೊಳ್ಳಿ. ಪತ್ರಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿವೆ, ವರ್ಷಕ್ಕೊಂದು ಫೋಲ್ಡರ್. ಒಬ್ಬ ಕಕ್ಷಿದಾರರ ಹೆಸರು ಹುಡುಕಿದರೆ 2022ರ ಮಾರ್ಚ್‌ವರೆಗಿನ ಪತ್ರಗಳು ಬರುತ್ತವೆ, ಆಮೇಲಿನದು ಒಂದೂ ಇಲ್ಲ. ಬೇರೆ ಹೆಸರು ಕೊಟ್ಟರೂ ಅದೇ ತಿಂಗಳಿಗೆ ನಿಲ್ಲುತ್ತದೆ. `Search Messages` ಮಾತ್ರ 2023ರ ಪತ್ರಗಳನ್ನೂ ತೋರಿಸುತ್ತದೆ. ಎಲ್ಲ ಹೆಸರುಗಳೂ ಒಂದೇ ದಿನಾಂಕದ ಆಸುಪಾಸಿನಲ್ಲಿ ನಿಲ್ಲುವುದೇ ಇಲ್ಲಿನ ಮುಖ್ಯ ಸುಳಿವು: ಆ ಹೊತ್ತಿಗೆ ಸೂಚಿ ಬರೆಯುವ ಕೆಲಸ ನಿಂತಿದೆ. ಡಿಸ್ಕ್ ನೋಡಿದರೆ ಬಹುತೇಕ ತುಂಬಿದೆ.

ಮೊದಲು ಜಾಗ ಖಾಲಿ ಮಾಡಬೇಕು, ಇಲ್ಲದಿದ್ದರೆ ಹೊಸ ಸೂಚಿಗೂ ಅದೇ ಗತಿ. ಸಾವಿರಾರು ಪತ್ರಗಳಿದ್ದಲ್ಲಿ ಸೂಚಿಯೇ ನೂರಾರು ಮೆಗಾಬೈಟ್ ಆಗುವುದುಂಟು. ನಂತರ `Help` ಮೆನುವಿನ `Troubleshooting Information` ಪುಟದಲ್ಲಿ `Profile Folder` ಎಂಬ ಸಾಲನ್ನು ಹುಡುಕಿ, ಅದರ ಪಕ್ಕದ ಗುಂಡಿ ಒತ್ತಿ ಆ ಫೋಲ್ಡರನ್ನು ತೆರೆದಿಟ್ಟುಕೊಳ್ಳಬೇಕು. ಈಗ ಥಂಡರ್‌ಬರ್ಡ್ ಅನ್ನು ಪೂರ್ತಿ ಮುಚ್ಚಬೇಕು. ಇಡೀ ಪ್ರೊಫೈಲ್ ಫೋಲ್ಡರಿನ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಂಡು, ಸೂಚಿಯ ಹೆಸರನ್ನು ಮಾತ್ರ ಬದಲಿಸಬೇಕು:

```
global-messages-db.sqlite  →  global-messages-db.old
```

ನೇರವಾಗಿ ಅಳಿಸಿದರೂ ನಡೆದೀತು, ಆದರೆ ಹೆಸರು ಬದಲಿಸುವ ಅಭ್ಯಾಸವಿದ್ದರೆ ಕೈತಪ್ಪಿ ಬೇರೆ ಕಡತ ಮುಟ್ಟಿದಾಗ ಹಿಂದಿರುಗಲು ದಾರಿ ಇರುತ್ತದೆ. ಥಂಡರ್‌ಬರ್ಡ್ ಮತ್ತೆ ತೆರೆದಾಗ ಸೂಚಿ ಇಲ್ಲದ್ದನ್ನು ಕಂಡು ಹೊಸದೊಂದನ್ನು ತಾನೇ ಶುರುಮಾಡುತ್ತದೆ. `Tools` ಮೆನುವಿನ `Activity Manager` ತೆರೆದರೆ ಯಾವ ಫೋಲ್ಡರ್ ನಡೆಯುತ್ತಿದೆ ಎಂದು ಕಾಣುತ್ತದೆ. ಪತ್ರಗಳು ಬಹಳ ಇದ್ದರೆ ಗಂಟೆಗಟ್ಟಲೆ ಹಿಡಿಯಬಹುದು. ನೀವು ಕೆಲಸ ಮಾಡುತ್ತಿರುವಾಗ ಅದು ನಿಧಾನಿಸುತ್ತದೆ, ಬಿಟ್ಟಾಗ ವೇಗ ಹಿಡಿಯುತ್ತದೆ. ಹಾಗಾಗಿ ಸಂಜೆ ಶುರುಮಾಡಿ, ಕಂಪ್ಯೂಟರ್ ನಿದ್ದೆಗೆ ಜಾರದಂತೆ ಇಟ್ಟು ಹೋಗುವುದು ಅನುಕೂಲ. ಮುಗಿಯುವವರೆಗೆ ಹುಡುಕಾಟದ ಫಲವನ್ನು ನಂಬಬಾರದು, ಸೂಚಿ ಆಗ ಇನ್ನೂ ಅರೆಬರೆಯೇ.

ಮರುದಿನ ನೋಡಿದರೆ 2022ರ ಫೋಲ್ಡರಿನ ಹೆಸರೇ ಇನ್ನೂ ಕಾಣುತ್ತಿದೆ, ಎಣಿಕೆ ಮುಂದೆ ಸರಿದಿಲ್ಲ ಎಂದುಕೊಳ್ಳಿ. ಆಗ ಅನುಮಾನಿಸಬೇಕಾದದ್ದು ಆ ಫೋಲ್ಡರಿನ `.msf` ಪಟ್ಟಿಯನ್ನು. ಫೋಲ್ಡರಿನ `Properties` ಒಳಗೆ `Repair Folder` ಎಂಬ ಗುಂಡಿಯಿದೆ; ಅದನ್ನು ಒತ್ತಿದರೆ ಪತ್ರಗಳ ಕಡತವನ್ನು ಓದಿ ಆ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಐಮ್ಯಾಪ್ ಖಾತೆಯಾದರೆ ಇದೇ ಗುಂಡಿ ಫೋಲ್ಡರಿನ ಪತ್ರಗಳನ್ನು ಸರ್ವರಿನಿಂದ ಮತ್ತೆ ಇಳಿಸುತ್ತದೆ, ಆದ್ದರಿಂದ ಒಳ್ಳೆಯ ಇಂಟರ್‌ನೆಟ್ ಇರುವಾಗ ಮಾಡಬೇಕು. ಪಟ್ಟಿ ಸರಿಯಾದ ಮೇಲೆ ಸೂಚಿಯ ಕೆಲಸ ಮುಂದುವರಿಯುತ್ತದೆ. ಕೊನೆಗೆ, ಮೊದಲು ಸಿಗದಿದ್ದ ಅದೇ ಹೆಸರುಗಳನ್ನು ಮತ್ತೆ ಹುಡುಕಿ, 2022ರ ಏಪ್ರಿಲ್ ನಂತರದ ಪತ್ರಗಳು ಬರುತ್ತಿವೆಯೇ ನೋಡಬೇಕು. ಬಂದರೆ ಹಳೆಯ ಕಡತವನ್ನು ಅಳಿಸಬಹುದು.

ವಿಂಡೋಸ್‌ನ ಹಳೆಯ ಔಟ್‌ಲುಕ್ ಬಳಸುವವರಲ್ಲೂ ಇದೇ ತೊಂದರೆ ಕಾಣುತ್ತದೆ, ಆದರೆ ಅಲ್ಲಿ ಸೂಚಿ ಮೇಲ್ ತಂತ್ರಾಂಶದ್ದಲ್ಲ, ವಿಂಡೋಸ್‌ನದ್ದೇ. ಹುಡುಕು ಪೆಟ್ಟಿಗೆ ತೆರೆದಾಗ `Search Tools` ಒಳಗಿನ `Indexing Status` ಎಷ್ಟು ಪತ್ರ ಬಾಕಿ ಇದೆ ಎಂದು ಹೇಳುತ್ತದೆ. ಆ ಸಂಖ್ಯೆ ಕಡಿಮೆಯಾಗುತ್ತಿದ್ದರೆ ಕಾಯುವುದೇ ಮದ್ದು; ಅಲ್ಲಾಡದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ `Indexing Options`ಗೆ ಹೋಗಿ, `Advanced` ಒಳಗಿನ `Rebuild` ಒತ್ತಬೇಕು. ಅದು ಮೇಲ್ ಮಾತ್ರವಲ್ಲ, ಇಡೀ ಕಂಪ್ಯೂಟರಿನ ಸೂಚಿಯನ್ನು ಮತ್ತೆ ಕಟ್ಟುವುದರಿಂದ ಹೆಚ್ಚು ಸಮಯ ಬೇಕು.

ದುರಸ್ತಿ ಮಾಡುವುದನ್ನು ಆಮೇಲೆ ನೋಡಿಕೊಳ್ಳಬಹುದು. ಆದರೆ ಯಾರಿಗಾದರೂ "ಆ ಪತ್ರ ಬಂದಿಲ್ಲ" ಎಂದು ಉತ್ತರಿಸಬೇಕಾಗಿ ಬಂದಾಗ, ಅದರಲ್ಲೂ ನೋಟಿಸು, ಗಡುವು, ಹಣದ ಮಾತಿರುವಾಗ, ಹುಡುಕು ಪೆಟ್ಟಿಗೆಯ ಸೊನ್ನೆಯನ್ನೇ ಸಾಕ್ಷಿಯಾಗಿ ಹಿಡಿಯಬೇಡಿ. ಅದು ಹೇಳುವುದು ಸೂಚಿಯಲ್ಲಿ ಆ ಪದ ಇಲ್ಲವೆಂದು ಮಾತ್ರ. `Ctrl+Shift+F` ಒತ್ತಿ ಸಂಬಂಧಪಟ್ಟ ಫೋಲ್ಡರುಗಳನ್ನೇ ಹುಡುಕಿ, ಕಸ ಮತ್ತು ಜಂಕ್ ಫೋಲ್ಡರುಗಳನ್ನು ತೆರೆದು ನೋಡಿ, ಸರ್ವರಿನಲ್ಲಿ ಪ್ರತಿ ಉಳಿಯುವ ಖಾತೆಯಾದರೆ ಬ್ರೌಸರಿನಲ್ಲೂ ಒಮ್ಮೆ ಹುಡುಕಿ. ಅಲ್ಲೂ ಕಾಣದಿದ್ದರೆ ಮಾತ್ರ "ಬಂದಿಲ್ಲ" ಎಂದು ಬರೆಯಿರಿ.