34 ಗಂಟೆಯ ವಾರ

ನೀಟ್ ಪಿಜಿಗೆ ಇನ್ನು ಏಳೇ ದಿನ ಉಳಿದಾಗ ಹೌಸ್ ಸರ್ಜನ್ ಆದವರು ಮೊದಲು ಎದುರಿಗಿಟ್ಟುಕೊಳ್ಳಬೇಕಾದ್ದು ಡ್ಯೂಟಿ ಪಟ್ಟಿಯನ್ನು. ಪುಸ್ತಕ ಆಮೇಲೆ. ಮನೆಯಲ್ಲೇ ಕೂತು ಓದುವವರ ವೇಳಾಪಟ್ಟಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಇರುತ್ತದೆ. ವಾರ್ಡಿನಲ್ಲಿ ದುಡಿಯುವವರು ಅದನ್ನೇ ನಕಲು ಮಾಡಿಕೊಂಡರೆ ಎರಡನೇ ದಿನಕ್ಕೇ ಹಿಂದೆ ಬೀಳುತ್ತಾರೆ, ಉಳಿದ ಐದು ದಿನ ಆ ಬಾಕಿಯ ಚಿಂತೆಯಲ್ಲೇ ಕಳೆದುಹೋಗುತ್ತದೆ.

ಜಿಲ್ಲಾ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಪೋಸ್ಟಿಂಗ್ ಇರುವ ಹುಡುಗಿಯೊಬ್ಬಳ ಲೆಕ್ಕ ನೋಡೋಣ. ಪರೀಕ್ಷೆ ಮುಂದಿನ ಭಾನುವಾರ. ಪಟ್ಟಿಯಲ್ಲಿ ಸೋಮವಾರ, ಗುರುವಾರ ನೈಟ್ ಇದೆ. ಸೋಮವಾರದ್ದನ್ನು ಮುಟ್ಟುವುದು ಬೇಡ, ಆ ನಿದ್ದೆಗೇಡನ್ನು ತೀರಿಸಿಕೊಳ್ಳಲು ಸಮಯವಿದೆ. ಗುರುವಾರದ್ದು ಮಾತ್ರ ತಪ್ಪಲೇಬೇಕು. "ಗುರುವಾರದ ನೈಟ್ ನೀನು ಮಾಡ್ಕೊಡೇ, ಪರೀಕ್ಷೆ ಆದ್ಮೇಲೆ ನಿಂದು ಎರಡು ನಾನು ಮಾಡ್ತೀನಿ" ಎಂದು ಈ ಸಲ ಪರೀಕ್ಷೆ ಬರೆಯದ ಗೆಳತಿಯನ್ನು ಕೇಳಿ, ಯೂನಿಟ್ಟಿನ ಪಿಜಿಗೂ ಹೇಳಿಟ್ಟರೆ ಆಯಿತು. ಶುಕ್ರವಾರ, ಶನಿವಾರಕ್ಕೆ ಉಳಿಸಿಟ್ಟ ರಜೆ. ಈಗ ಕೂಡಿಸಿದರೆ: ಈ ಭಾನುವಾರ 9 ಗಂಟೆ, ಸೋಮವಾರ ಸೊನ್ನೆ, ಮಂಗಳವಾರ ಮಲಗಿ ಎದ್ದ ಮೇಲೆ 4, ಬುಧವಾರ 4, ಗುರುವಾರ 4, ಶುಕ್ರವಾರ 8, ಪರೀಕ್ಷೆಯ ಊರಿಗೆ ಹೋಗಬೇಕಾದ ಶನಿವಾರ 5. ಒಟ್ಟು 34.

ಎಂಬಿಬಿಎಸ್‌ನ ವಿಷಯಗಳು 19. ಸಮನಾಗಿ ಹಂಚಿದರೆ ಒಂದೊಂದಕ್ಕೆ ಎರಡು ಗಂಟೆಯೂ ಸಿಗದು. ಹಾಗಾಗಿ ಏನು ಬಿಡಬೇಕು ಎಂಬುದನ್ನು ಭಾನುವಾರವೇ ತೀರ್ಮಾನಿಸಬೇಕು. ಅದಕ್ಕೆ ಒಂದು ಪೂರ್ತಿ ಮಾದರಿ ಪರೀಕ್ಷೆ ಬರೆಯುವುದೇ ದಾರಿ: 200 ಪ್ರಶ್ನೆ, ಮೂರೂವರೆ ಗಂಟೆ. ಉಳಿದ ಸಮಯವೆಲ್ಲ ತಪ್ಪುಗಳಿಗೆ. ಅವಳದು 62 ತಪ್ಪಾಗಿದೆ ಎನ್ನೋಣ. ಪ್ರತಿಯೊಂದರ ಪಕ್ಕದಲ್ಲೂ ಕಾರಣ ಬರೆಯುತ್ತ ಹೋದರೆ 20 ಪ್ರಶ್ನೆಗಳ ವಿಷಯ ಅವಳಿಗೆ ಎಂದೂ ಗೊತ್ತೇ ಇರಲಿಲ್ಲ, 14 ಅವಸರದಲ್ಲಿ ತಪ್ಪಾಗಿ ಓದಿದ್ದು, 28 ಓದಿದ್ದೇ, ಆದರೆ ಮರೆತದ್ದು. ವಾರದ ಯೋಜನೆ ಈ 28ರ ಮೇಲೆ ನಿಲ್ಲಬೇಕು. ಗೊತ್ತಿಲ್ಲದ ಇಪ್ಪತ್ತನ್ನು ಬಿಟ್ಟುಬಿಡುವುದು ಕಷ್ಟ, ಹೊಟ್ಟೆ ಚುರುಕ್ ಎನ್ನುತ್ತದೆ. ಆದರೂ ಬಿಡಬೇಕು. ಹೊಸ ಅಧ್ಯಾಯ ಕಲಿಯಲು ತಗಲುವ ಮೂರು ಗಂಟೆಯಲ್ಲಿ ಮರೆತ ಹತ್ತು ಸಂಗತಿಗಳು ವಾಪಸು ಬರುತ್ತವೆ.

ಯಾವುದು ಯಾವ ದಿನ ಎಂಬುದಕ್ಕೆ ಅಳತೆಗೋಲು, ಅದು ಎಷ್ಟು ಬೇಗ ಮರೆಯುತ್ತದೆ ಎಂಬುದು. ಮೆಡಿಸಿನ್, ಸರ್ಜರಿಯ ತರ್ಕ ಒಮ್ಮೆ ಕೂತರೆ ನಾಲ್ಕೈದು ದಿನ ಅಲುಗದು, ಅವು ಮಂಗಳವಾರ, ಬುಧವಾರ. ಪೆಥಾಲಜಿಯೂ ಕಮ್ಯುನಿಟಿ ಮೆಡಿಸಿನ್ನಿನ ಸೂತ್ರಗಳೂ ಗುರುವಾರ. ಔಷಧಗಳ ಅಡ್ಡ ಪರಿಣಾಮ, ಯಾವ ಕಿಣ್ವದ ಕೊರತೆಯಿಂದ ಯಾವ ರೋಗ, ಸೂಕ್ಷ್ಮಜೀವಿಗಳ ಬೆಳೆಸುವ ಮಾಧ್ಯಮ ಇವೆಲ್ಲ ಮುಷ್ಟಿಯೊಳಗಿನ ಮರಳು, ಅವುಗಳಿಗೆ ಶುಕ್ರವಾರ. ಶನಿವಾರ ತಪ್ಪುಗಳ ನೋಟ್‌ಬುಕ್ ಒಂದೇ.

ಸೋಮವಾರದ ಸೊನ್ನೆ ನಿಜವಾಗಿ ಸೊನ್ನೆಯಲ್ಲ. ಎಕ್ಲಾಂಪ್ಸಿಯಾ ಆದ ಬಾಣಂತಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವ ಕೆಲಸ ಅವಳ ಪಾಲಿಗೇ ಬರುತ್ತದೆ. ಪ್ರಿಚರ್ಡ್ ಕ್ರಮದಲ್ಲಿ ಮೊದಲು 4 ಗ್ರಾಂ ರಕ್ತನಾಳಕ್ಕೆ, ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ 10 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಡೋಸಿಗೂ ಮುಂಚೆ ಮಂಡಿಗೆ ಸುತ್ತಿಗೆ ತಟ್ಟಿ ನೋಡಬೇಕು, ಉಸಿರು ಎಣಿಸಬೇಕು, ಮೂತ್ರದ ಚೀಲ ನೋಡಬೇಕು. ಔಷಧ ವಿಷವಾಗತೊಡಗಿದರೆ ಮೊದಲು ಹೋಗುವುದು ಮಂಡಿಯ ಪ್ರತಿಕ್ರಿಯೆ, ಆಮೇಲೆ ಉಸಿರು. ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್. ಪುಸ್ತಕದಲ್ಲಿ ಎರಡು ಪ್ಯಾರಾ ಇರುವ ಇದು, ಸುತ್ತಿಗೆ ಹಿಡಿದ ಕೈಗೆ ಮರೆಯುವುದಿಲ್ಲ. ಕೇಸ್ ಶೀಟ್ ಬರೆದು ಮುಗಿಸಿದ ಮೇಲೆ ಒಂದು ನಿಮಿಷ ನಿಂತು, ಇದರಲ್ಲಿ ಏನು ಕೇಳಬಹುದು ಎಂದು ಯೋಚಿಸಿದರೆ ಸಾಕು.

ನೈಟ್ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಓದಕ್ಕೆ ಕೂರಬಾರದು. ಒಂದೇ ಸಾಲನ್ನು ಮೂರು ಸಲ ಓದಿಯೂ ತಲೆಗೆ ಹತ್ತದಿದ್ದರೆ ಅದು ನಿದ್ದೆಯ ಬೇಡಿಕೆ.

2024ರಿಂದ ಪರೀಕ್ಷೆಯನ್ನು ಐದು ಭಾಗವಾಗಿ ಒಡೆದಿದ್ದಾರೆ. ಭಾಗಕ್ಕೆ 40 ಪ್ರಶ್ನೆ, 42 ನಿಮಿಷ. ಸಮಯ ಮುಗಿದ ಭಾಗಕ್ಕೆ ಮರಳಿ ಹೋಗುವಂತಿಲ್ಲ. ವಾರ್ಡಿನವರಿಗೆ ಇದೊಂದು ಅನುಕೂಲ, ಏಕೆಂದರೆ ಊಟದ ಬಿಡುವಿನಲ್ಲೂ ಒಂದು ಭಾಗ ಬರೆದು ನೋಡಬಹುದು. ಬುಧವಾರ ಒಂದು, ಗುರುವಾರ ಒಂದು. ಅವಸರದಲ್ಲಿ ತಪ್ಪು ಓದಿದ ಆ 14 ಪ್ರಶ್ನೆಗಳಿಗೆ ಮದ್ದು ಇದೇ: 38ನೇ ನಿಮಿಷಕ್ಕೆ ಕೊನೆಯ ಪ್ರಶ್ನೆ ಮುಟ್ಟಿ, ಗುರುತು ಹಾಕಿಟ್ಟವನ್ನು ಉಳಿದ ನಾಲ್ಕು ನಿಮಿಷದಲ್ಲಿ ನೋಡುವ ಅಭ್ಯಾಸ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಕಳೆಯುವುದು 1. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಆಯಿತೆಂದರೆ ಉಳಿದೆರಡರಲ್ಲಿ ಒಂದನ್ನು ಒತ್ತುವುದೇ ಲಾಭ.

ಶುಕ್ರವಾರದಿಂದ ಮಾದರಿ ಪರೀಕ್ಷೆ ನಿಲ್ಲಬೇಕು. ಆಗ ಬರುವ ಕಡಿಮೆ ಅಂಕವನ್ನು ಸರಿಪಡಿಸಲು ದಿನ ಉಳಿದಿರುವುದಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಪ್ರವೇಶಪತ್ರ, ಗುರುತಿನ ಚೀಟಿ ಚೀಲ ಸೇರಲಿ, ಪರೀಕ್ಷಾ ಕೇಂದ್ರದ ಗೇಟನ್ನು ಒಮ್ಮೆ ಕಣ್ಣಾರೆ ನೋಡಿ ಬರಲಿ. ಗೆಳತಿಗೆ ಫೋನ್ ಮಾಡಿ, ಭಾನುವಾರ ವಾರ್ಡಿನಿಂದ ಯಾರೂ ಕರೆಯದ ಹಾಗೆ ನೋಡಿಕೊಳ್ಳಲು ಹೇಳಿ, ಹತ್ತಕ್ಕೆ ಮಲಗಲಿ.