ಪೋಸ್ಟ್ ಅಳಿಸಬಹುದು, ಅದರ ಸಂಖ್ಯೆಯನ್ನಲ್ಲ

2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕರ್ನಾಟಕ ಪ್ರೀಮಿಯರ್ ಲೀಗ್‌ನ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಬೆಟ್ಟಿಂಗ್ ಆರೋಪದ ಮೇಲೆ ಬಂಧಿಸಿದರು. ಆಮೇಲೆ ಬೇರೆ ತಂಡಗಳ ಆಟಗಾರರೂ ಬಂಧನಕ್ಕೊಳಗಾದರು. 2022ರ ಜನವರಿಯಲ್ಲಿ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ಎಂಬುದು ದಂಡ ಸಂಹಿತೆಯ ವಂಚನೆ ಕಲಮಿನಡಿ ಬರುವುದಿಲ್ಲ ಎಂದು ಹೇಳಿದ್ದರಿಂದ ಮೊಕದ್ದಮೆ ಬಿದ್ದುಹೋಯಿತು. ಆದರೆ ‘ಮ್ಯಾಚು ಮೊದಲೇ ನಿರ್ಧಾರ ಆಗಿರ್ತದ, ಒಳಗಿನವರಿಗೆ ಗೊತ್ತಿರ್ತದ’ ಎಂಬ ನಂಬಿಕೆಗೆ ಯಾವ ಕೋರ್ಟೂ ತಡೆ ಕೊಡಲಾರದು. ಟೆಲಿಗ್ರಾಂನಲ್ಲಿ ‘ಫಿಕ್ಸ್ ರಿಪೋರ್ಟ್’ ಮಾರುವವರ ಬಂಡವಾಳ ಇದೊಂದೇ. ಪೀರನವಾಡಿಯಿಂದ ಉದ್ಯಮಬಾಗದ ಫೌಂಡ್ರಿಗಳಿಗೆ ಪಾಳಿಗೆ ಹೋಗುವ ಹುಡುಗನಿಗೂ ಖಾನಾಪುರದಲ್ಲಿ ಅಂಗಡಿ ಇಟ್ಟವನಿಗೂ ಐಪಿಎಲ್ ಬಂತೆಂದರೆ ಇಂಥ ಚಾನೆಲ್‌ಗಳ ಲಿಂಕು ತಾನಾಗಿ ಬಂದು ಬೀಳುತ್ತದೆ. ಹಿಂದೆ ಓಸಿ ಚೀಟಿ ಬರೆಸುವವರಿಗೆ ಮಟಕಾ ಚಾರ್ಟ್ ಮಾರುತ್ತಿದ್ದರಲ್ಲ, ಅದೇ ಕಸುಬು. ಈಗ ಮೊಬೈಲಿಗೆ ಬಂದಿದೆ ಅಷ್ಟೇ.

ಚಾನೆಲ್ ತೆರೆದು ನೋಡಿದರೆ ಹತ್ತರಲ್ಲಿ ಎಂಟು ಟಿಪ್ಸ್ ‘ಪಾಸ್’ ಆಗಿರುತ್ತವೆ. ಸುಳ್ಳಲ್ಲ, ಕಣ್ಣಿಗೆ ಕಾಣುವುದು ಅಷ್ಟೇ. ಸೋತ ಟಿಪ್ಸ್ ಇದ್ದ ಪೋಸ್ಟನ್ನು ಮ್ಯಾಚು ಮುಗಿದ ರಾತ್ರಿಯೇ ಅಳಿಸಿರುತ್ತಾರೆ. ಖಾಸಗಿ ಚಾಟ್‌ನಲ್ಲಿ ವಾಟ್ಸಾಪ್ ಮಾಡುವಂತೆ ‘ಈ ಸಂದೇಶ ಅಳಿಸಲಾಗಿದೆ’ ಎಂಬ ಗುರುತನ್ನು ಟೆಲಿಗ್ರಾಂ ಚಾನೆಲ್ ಬಿಡುವುದಿಲ್ಲ. ಅಡ್ಮಿನ್ ಅಳಿಸಿದ ಪೋಸ್ಟ್ ಎಲ್ಲರ ಮೊಬೈಲಿನಿಂದಲೂ ಸದ್ದಿಲ್ಲದೆ ಮಾಯ.

ಒಂದು ಕುರುಹು ಮಾತ್ರ ಉಳಿಯುತ್ತದೆ. ಟೆಲಿಗ್ರಾಂ ಪ್ರತಿ ಪೋಸ್ಟಿಗೂ ಒಂದು ಕ್ರಮಸಂಖ್ಯೆ ಕೊಡುತ್ತದೆ. ಪೋಸ್ಟನ್ನು ಒತ್ತಿ ಹಿಡಿದು ಅದರ ಲಿಂಕನ್ನು ನಕಲು ಮಾಡಿ ಎಲ್ಲಿಯಾದರೂ ಅಂಟಿಸಿ ನೋಡಿ, `t.me/channelname/318` ಎಂಬಂತೆ ಕಾಣುತ್ತದೆ. ಕೊನೆಯ 318 ಆ ಪೋಸ್ಟಿನ ಸಂಖ್ಯೆ. ಮುಂದಿನ ಪೋಸ್ಟ್ 319 ಆಗಬೇಕು. ಅದರ ಲಿಂಕು 322 ಎಂದಿದ್ದರೆ ನಡುವೆ ಮೂರು ಸಂಖ್ಯೆ ಎಲ್ಲಿ ಹೋದವು? ಅಳಿಸಿದ ಸಂಖ್ಯೆಯನ್ನು ಟೆಲಿಗ್ರಾಂ ಮತ್ತೆ ಯಾವ ಪೋಸ್ಟಿಗೂ ಕೊಡುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ ಹಾಳೆ ಹರಿದರೂ ಪುಟದ ನಂಬರು ಹಾರಿರುವುದು ಕಂಡೇ ಕಾಣುತ್ತದಲ್ಲ, ಹಾಗೆ.

ಆದರೆ ಸಂಖ್ಯೆ ಹಾರಿದ ಕೂಡಲೇ ಮೋಸ ಎಂದು ಕೂಗುವಂತಿಲ್ಲ. ನಾಲ್ಕು ಫೋಟೋಗಳನ್ನು ಒಟ್ಟಿಗೆ ಹಾಕಿದರೆ ನಾಲ್ಕು ಸಂಖ್ಯೆ ಖರ್ಚಾಗುತ್ತವೆ, ಪೋಸ್ಟ್ ಒಂದೇ ಕಾಣುತ್ತದೆ. ಯಾವುದನ್ನೋ ಮೇಲೆ ಪಿನ್ ಮಾಡಿದರೂ ಒಂದು ಸಂಖ್ಯೆ ಹೋಗಬಹುದು. ಆದ್ದರಿಂದ ಎಷ್ಟು ಸಂಖ್ಯೆ ಕಾಣೆ ಎಂಬುದಕ್ಕಿಂತ ಯಾವಾಗ ಕಾಣೆ ಎಂಬುದು ಮುಖ್ಯ. ಮ್ಯಾಚಿಲ್ಲದ ದಿನಗಳಲ್ಲಿ ಸಂಖ್ಯೆಗಳು ಸಾಲಾಗಿದ್ದು, ಮ್ಯಾಚಿನ ದಿನ ಟಾಸ್‌ಗೆ ಮುಂಚಿನ ಪೋಸ್ಟುಗಳೇ ಮತ್ತೆ ಮತ್ತೆ ಕಾಣೆಯಾಗಿದ್ದರೆ ಅದು ಆಕಸ್ಮಿಕವಲ್ಲ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ಮಾಡೋಣ. ಟಿಪ್‌ಸ್ಟರ್ ಒಬ್ಬ ನಲವತ್ತು ಮ್ಯಾಚಿಗೆ ನಲವತ್ತು ಟಿಪ್ಸ್ ಕೊಟ್ಟ. ಅವನಿಗೆ ಏನೂ ಗೊತ್ತಿಲ್ಲ, ನಾಣ್ಯ ಚಿಮ್ಮಿ ಹೇಳಿದ. ಇಪ್ಪತ್ತು ಸರಿ, ಇಪ್ಪತ್ತು ತಪ್ಪು. ಎರಡೂ ತಂಡಕ್ಕೆ ಭಾವ 1.85, ಅಂದರೆ ಸಾವಿರ ಹಾಕಿ ಗೆದ್ದರೆ ಮೇಲೆ 850 ರೂಪಾಯಿ. ಸೋತರೆ ಸಾವಿರವೂ ಹೋಯಿತು. ಅವನನ್ನು ನಂಬಿ ಪ್ರತಿ ಮ್ಯಾಚಿಗೆ ಸಾವಿರ ಹಾಕಿದವನಿಗೆ ಗೆಲುವಿನಿಂದ 17,000 ಬಂತು, ಸೋಲಿನಿಂದ 20,000 ಹೋಯಿತು; ಮೂರು ಸಾವಿರ ನಷ್ಟ. ಈಗ ಟಿಪ್‌ಸ್ಟರ್ ಹದಿನಾಲ್ಕು ಸೋಲುಗಳನ್ನು ಅಳಿಸಿದ. ಉಳಿದ ಇಪ್ಪತ್ತಾರರಲ್ಲಿ ಇಪ್ಪತ್ತು ಗೆಲುವು, ಶೇಕಡಾ 77. ಕಾಣುವ ಲಾಭ 11,000. ಆರು ಸೋಲುಗಳನ್ನು ಉಳಿಸಿದ್ದು ಮರೆವಿನಿಂದಲ್ಲ. ನೂರಕ್ಕೆ ನೂರು ಎಂದರೆ ಯಾರೂ ನಂಬುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

1.85 ಭಾವದಲ್ಲಿ ಬರೀ ಕೈ ಸುಡದೆ ಉಳಿಯಬೇಕಾದರೂ ನೂರಕ್ಕೆ 54ಕ್ಕಿಂತ ಹೆಚ್ಚು ಗೆಲ್ಲಬೇಕು ಎಂಬುದನ್ನೂ ಗಮನಿಸಿ. ಅರ್ಧಕ್ಕರ್ಧ ಸರಿ ಹೇಳುವವನು ಸಮಬಲದವನಲ್ಲ, ಸೋಲಿಸುವವನು.

ಅಳಿಸುವುದಕ್ಕಿಂತ ಜಾಣತನದ ಇನ್ನೊಂದು ಕೆಲಸವಿದೆ: ತಿದ್ದುವುದು. ಮ್ಯಾಚಿಗೆ ಮುಂಚೆ ಒಂದು ಚುಕ್ಕೆಯನ್ನೋ ‘ರಿಪೋರ್ಟ್ ಬರ್ತಾ ಇದೆ’ ಎಂಬ ಸಾಲನ್ನೋ ಹಾಕಿಟ್ಟು, ಫಲಿತಾಂಶ ಬಂದ ಮೇಲೆ ಅದೇ ಪೋಸ್ಟಿನೊಳಗೆ ಗೆದ್ದ ತಂಡದ ಹೆಸರು ತುಂಬುತ್ತಾರೆ. ಪೋಸ್ಟಿನ ಸಮಯ ಹಳೆಯದೇ ಉಳಿಯುತ್ತದೆ, ಪಕ್ಕದಲ್ಲಿ ಸಣ್ಣಕ್ಕೆ edited ಎಂದು ಬರುತ್ತದೆ. ಸಂಖ್ಯೆಯೂ ಹಾರುವುದಿಲ್ಲ. ಇದಕ್ಕೆ ಮದ್ದು ಸುಲಭ. ಟಿಪ್ಸ್ ಬಂದ ಕೂಡಲೇ, ಟಾಸ್‌ಗೆ ಮುಂಚೆ, ಅದನ್ನು ನಿಮ್ಮದೇ Saved Messages ಗೆ ಫಾರ್ವರ್ಡ್ ಮಾಡಿ. ಫಾರ್ವರ್ಡ್ ಆದ ಪ್ರತಿ ಪ್ರತ್ಯೇಕ. ಮೂಲವನ್ನು ಅವನು ತಿದ್ದಿದರೂ ಅಳಿಸಿದರೂ ನಿಮ್ಮಲ್ಲಿರುವುದು ಬದಲಾಗದು. ಫಾರ್ವರ್ಡ್ ಮಾಡಲಿಕ್ಕೇ ಬಾರದಂತೆ ಚಾನೆಲ್ಲಿಗೆ ಬೀಗ ಹಾಕಿದ್ದರೆ, ತನ್ನ ಮಾತಿನ ದಾಖಲೆ ಬೇರೆಯವರ ಕೈಯಲ್ಲಿ ಇರುವುದು ಅವನಿಗೆ ಬೇಡ ಎಂದಾಯಿತು. ದುಡ್ಡು ಹಾಕದೆಯೇ ಒಂದು ಸೀಸನ್ ಹೀಗೆ ಕೂಡಿಟ್ಟು ನೋಡಿದರೆ ಸಾಕು. ಆದರೆ ಇಪ್ಪತ್ತೇ ಟಿಪ್ಸ್ ನೋಡಿ ತೀರ್ಮಾನಕ್ಕೆ ಬರಬೇಡಿ. ನಾಣ್ಯ ಚಿಮ್ಮಿ ಹೇಳುವ ನಾಲ್ವರಲ್ಲಿ ಒಬ್ಬನಿಗೆ ಇಪ್ಪತ್ತರಲ್ಲಿ ಹನ್ನೆರಡೋ ಅದಕ್ಕಿಂತ ಹೆಚ್ಚೋ ಸರಿಯಾಗಿಯೇ ಬರುತ್ತವೆ. ಅದೇ ನೂರಕ್ಕೆ ಅರವತ್ತು ಸರಿ ಬರುವುದು ಅಂಥ ನೂರು ಜನರಲ್ಲಿ ಮೂವರಿಗೂ ಕಷ್ಟ.

ಏನನ್ನೂ ಅಳಿಸದೆ, ಏನನ್ನೂ ತಿದ್ದದೆ ಮೋಸ ಮಾಡುವ ದಾರಿಯೂ ಇದೆ. ನನಗೆ ಇದೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ, ಯಾಕೆಂದರೆ ಸಿಕ್ಕಿಕೊಂಡವನ ಕಣ್ಣೆದುರಿಗೆ ಸುಳ್ಳೇ ಇರುವುದಿಲ್ಲ. 1,600 ಮೊಬೈಲ್ ನಂಬರು ಇಟ್ಟುಕೊಂಡವನು 800 ಜನರಿಗೆ ‘ಆರ್‌ಸಿಬಿ ಗೆಲ್ಲುತ್ತದೆ’ ಎಂದೂ ಉಳಿದ 800 ಜನರಿಗೆ ‘ಸೋಲುತ್ತದೆ’ ಎಂದೂ ಕಳಿಸುತ್ತಾನೆ. ಆರ್‌ಸಿಬಿ ಗೆದ್ದರೆ ಎರಡನೆಯ ಗುಂಪಿನ ಸಹವಾಸ ಅಲ್ಲಿಗೆ ಮುಗಿಯಿತು. ಮೊದಲ 800 ಜನರನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. ಎರಡನೆಯ ಮ್ಯಾಚಿನ ಬಳಿಕ 400, ಮೂರಕ್ಕೆ 200, ನಾಲ್ಕಕ್ಕೆ 100. ಈ ನೂರು ಜನ ನಾಲ್ಕು ಸಲ ಸತತವಾಗಿ, ಮ್ಯಾಚಿಗೆ ಮುಂಚೆಯೇ, ಸರಿಯಾದ ಉತ್ತರ ಪಡೆದವರು. ಉಳಿದ 1,500 ಜನರಿಗೆ ಏನಾಯಿತೆಂದು ಅವರಿಗೆ ತಿಳಿಯುವ ದಾರಿಯಿಲ್ಲ. ಆಗ ಬರುತ್ತದೆ ‘ವಿಐಪಿ ಗ್ರೂಪ್, ಐದು ಸಾವಿರ’ ಎಂಬ ಕರೆ. ನೂರರಲ್ಲಿ ನಲವತ್ತು ಜನ ಕೊಟ್ಟರೂ ಎರಡು ಲಕ್ಷ. ಐದನೆಯ ಮ್ಯಾಚಿನಲ್ಲಿ ಸೋತವರಿಗೆ ‘ಲಾಸ್ ಕವರ್’ ಎಂದು ಇನ್ನೊಂದು ಚೀಟಿ. ಇದನ್ನು ಹಿಡಿಯುವುದು ಒಬ್ಬರಿಂದ ಆಗದ ಕೆಲಸ. ಒಂದೇ ಫೌಂಡ್ರಿಯ ನಾಲ್ಕು ಜನ ತಮತಮಗೆ ಬಂದ ಟಿಪ್ಸನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಒಬ್ಬನೇ ಮನುಷ್ಯ ಎರಡು ನಾಲಗೆಯಲ್ಲಿ ಮಾತಾಡಿರುವುದು ಬಯಲಾಗುತ್ತದೆ.

ಗೆದ್ದ ಹಣಕ್ಕೆ ಪುರಾವೆಯೆಂದು ಹಾಕುವ ಸ್ಕ್ರೀನ್‌ಶಾಟ್ ವಿಷಯಕ್ಕೆ ಹೆಚ್ಚು ಮಾತು ಬೇಡ. ಅಕ್ಷರದ ಅಂಚು ಮಸುಕಾಗಿದೆಯೇ, ಅಂಕಿಗಳ ಅಳತೆ ಬೇರೆಯಾಗಿದೆಯೇ ಎಂದು ಹಿಗ್ಗಿಸಿ ನೋಡುವವರಿದ್ದಾರೆ. ಫೋಟೋದ ಮೇಲೆ ಅಂಟಿಸಿದ ಹಳೆಯ ಬಗೆಯ ಮೋಸಕ್ಕೆ ಅದು ಸರಿ. ಆದರೆ ಕಂಪ್ಯೂಟರಿನ ಯಾವುದೇ ಬ್ರೌಸರಿನಲ್ಲಿ Inspect ಎಂಬ ಸೌಲಭ್ಯವಿದೆ. ಅದರಲ್ಲಿ ಪುಟದ ಮೇಲಿನ 850ನ್ನು 85,000 ಎಂದು ಬದಲಿಸಿ ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಬಹುದು. ಚಿತ್ರ ಅಪ್ಪಟ, ಅಂಕಿ ಸುಳ್ಳು. ಚಿತ್ರವನ್ನು ಯಾವ ಪರೀಕ್ಷೆಗೆ ಒಡ್ಡಿದರೂ ತೇಪೆ ಸಿಗುವುದಿಲ್ಲ. ಹಾಗಾಗಿ ಚಿತ್ರ ಬಿಟ್ಟು ಲೆಕ್ಕ ನೋಡಬೇಕು. ಹಾಕಿದ ಮೊತ್ತವನ್ನು ಭಾವದಿಂದ ಗುಣಿಸಿದರೆ ಬಂದ ಮೊತ್ತ ಹೊಂದುತ್ತದೆಯೇ? ಹಿಂದಿನ ಬಾಕಿಗೆ ಕೂಡಿಸಿದರೆ ಈಗಿನ ಬಾಕಿ ಸರಿಹೋಗುತ್ತದೆಯೇ? ಯುಪಿಐ ಪಾವತಿಯ ಚಿತ್ರವಾದರೆ ಹನ್ನೆರಡು ಅಂಕಿಯ ಯುಟಿಆರ್ ನೋಡಿ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. 2025ರ ಏಪ್ರಿಲ್ 10 ವರ್ಷದ ನೂರನೆಯ ದಿನ. ಅಂದಿನ ಪಾವತಿ 5100 ಎಂದು ಶುರುವಾಗಬೇಕು. ಬೇರೆಯಾಗಿದ್ದರೆ ಅನುಮಾನಕ್ಕೆ ಎಡೆಯಿದೆ. ಸರಿಯಾಗಿದ್ದರೆ ಏನೂ ಸಿದ್ಧವಾಗಲಿಲ್ಲ, ಏಕೆಂದರೆ ಈ ಗುಟ್ಟು ಕಳ್ಳನಿಗೂ ಗೊತ್ತಿರಬಹುದು.

ಇಷ್ಟೆಲ್ಲ ಕಷ್ಟಪಟ್ಟು ಟಿಪ್ಸ್ ಕೊಡುವವನು ಅದನ್ನು ಪುಕ್ಕಟೆ ಏಕೆ ಕೊಡುತ್ತಾನೆ? ಚಾನೆಲ್ಲಿನ ಕೆಳಗಿರುವ ‘ಐಡಿ ಬೇಕಾದವರು ಮೆಸೇಜ್ ಮಾಡಿ’ ಎಂಬ ಸಾಲಿನಲ್ಲಿ ಉತ್ತರವಿದೆ. ಆ ಲಿಂಕಿನಿಂದ ಬೆಟ್ಟಿಂಗ್ ಆ್ಯಪಿಗೆ ಸೇರಿದವರು ಕಳೆದುಕೊಂಡ ಹಣದಲ್ಲಿ ಇಂತಿಷ್ಟು ಪಾಲು ಎಂದು ಕಮಿಷನ್ ಕೊಡುವ ಪದ್ಧತಿ ಈ ಧಂದೆಯಲ್ಲಿ ಜಗತ್ತಿನಾದ್ಯಂತ ಇದೆ. ಅಂಥ ಕರಾರಿನಲ್ಲಿ ನೀವು ಸೋತಷ್ಟೂ ಟಿಪ್‌ಸ್ಟರ್‌ಗೆ ಲಾಭ.

ಆ್ಯಪು ‘ಲೈಸೆನ್ಸ್’ ತೋರಿಸುತ್ತದೆ. ಕೆರಿಬಿಯನ್ ದ್ವೀಪ ಕ್ಯುರಸಾವ್‌ನ ಮುದ್ರೆ ಬಹಳ ಕಡೆ ಕಾಣುತ್ತದೆ; ನಿಜವಾದದ್ದೇ ಆದರೂ ಭಾರತದಲ್ಲಿ ಅದಕ್ಕೆ ಬೆಲೆಯಿಲ್ಲ. ನಮ್ಮ ಕಡೆ ಇನ್ನೊಂದು ಮಾತು ಬೇಗ ನಾಟುತ್ತದೆ: ‘ಗೋವಾ ಲೈಸೆನ್ಸ್ ಐತಿ.’ ಪೀರನವಾಡಿಯಿಂದ ಜಾಂಬೋಟಿ, ಚೋರ್ಲಾ ದಾಟಿದರೆ ಗೋವಾ, ಅಲ್ಲಿ ಕ್ಯಾಸಿನೊ ಇರುವುದೂ ನಿಜ. ಆದರೆ ಆ ಪರವಾನಗಿ ಗೋವಾದ ಹೋಟೆಲು ಮತ್ತು ಹಡಗುಗಳೊಳಗಿನ ಆಟಕ್ಕೆ ಮಾತ್ರ, ಬೆಳಗಾವಿಯ ಮೊಬೈಲಿಗಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸುತ್ತದೆ, ಕೌಶಲದ ಆಟವಿರಲಿ, ಅದೃಷ್ಟದ ಆಟವಿರಲಿ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಹೀಗಿರುವಾಗ ‘ಸರ್ಕಾರದ ಮಾನ್ಯತೆ ಪಡೆದ ಬೆಟ್ಟಿಂಗ್ ಆ್ಯಪ್’ ಎಂಬ ಮಾತೇ ಸುಳ್ಳಿನ ಸಾಕ್ಷಿ.

ಇಂಥ ಆ್ಯಪು ಪ್ಲೇ ಸ್ಟೋರಿನಲ್ಲಿ ಸಿಗದೆ ಎಪಿಕೆ ಫೈಲಾಗಿ ಬರುತ್ತದೆ, ಇನ್‌ಸ್ಟಾಲ್ ಮಾಡುವಾಗ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕ್ರಿಕೆಟ್ ಸ್ಕೋರಿಗೆ ನಿಮ್ಮ ಬ್ಯಾಂಕ್ ಒಟಿಪಿ ಯಾಕೆ ಬೇಕು? ಹಣ ಕಟ್ಟುವ ಖಾತೆ ಸಲಸಲಕ್ಕೂ ಬೇರೆ ಬೇರೆ ವ್ಯಕ್ತಿಗಳ ಹೆಸರಿನದು. ಗೆದ್ದ ಹಣ ತೆಗೆಯಹೋದರೆ ‘ಮೊದಲು ಶೇಕಡಾ 30 ತೆರಿಗೆ ಕಟ್ಟಿ’ ಎಂಬ ಬೇಡಿಕೆ. ಆನ್‌ಲೈನ್ ಆಟದ ಗೆಲುವಿಗೆ ಶೇ 30 ತೆರಿಗೆ ಇದ್ದದ್ದು ಹೌದು, ಆದರೆ 2023ರ ಏಪ್ರಿಲ್‌ನಿಂದ ಅದು ಗೆದ್ದ ಹಣದಿಂದಲೇ ಮುರಿದುಕೊಳ್ಳಬೇಕಾದ ತೆರಿಗೆ. ಕೈಯಿಂದ ಮೊದಲೇ ಕಟ್ಟಿಸಿಕೊಳ್ಳುವ ನಿಯಮ ಎಲ್ಲೂ ಇಲ್ಲ.

ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ಆ 2025ರ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆಯಿಲ್ಲ. ಚಾನೆಲ್ಲಿನ ಪೋಸ್ಟಿನ ಲಿಂಕು, ಹಣ ಕಳಿಸಿದ ಯುಪಿಐ ಐಡಿ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ಯುಟಿಆರ್ ಬರೆದಿಟ್ಟುಕೊಂಡು ಆ ದಿನವೇ 1930ಕ್ಕೆ ಫೋನು ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ. ಬೆಳಗಾವಿಯ ಸಿಇಎನ್ ಠಾಣೆಗೂ ಹೋಗಬಹುದು. ಹಣ ಇನ್ನೂ ಮೊದಲ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ನಾಲ್ಕು ಖಾತೆ ದಾಟಿ ಹೋದ ಮೇಲೆ ವಾಪಸು ಸಿಗುವುದು ಬಹಳ ಕಷ್ಟ.