ಕೇಳಿದ್ದೊಂದು, ಬಂದದ್ದೊಂದು

ಮಾಸಪತ್ರಿಕೆಯ ಮಳೆಗಾಲದ ಸಂಚಿಕೆಗೆ ಸಂಪಾದಕರು ಹವ್ಯಾಸಿ ಲೇಖಕಿಯೊಬ್ಬರಿಂದ ಒಂದು ಲೇಖನ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಸಣ್ಣ ಮನೆಯವರು ಚಾವಣಿಯ ಮಳೆನೀರನ್ನು ಹಿಡಿದು ಬಳಸುವುದು ಹೇಗೆ ಎಂಬುದು ವಿಷಯ, 700 ಪದ. ಬಂದದ್ದು 1,400 ಪದ. ನಾಲ್ಕು ಪ್ಯಾರಾ ಜಲದ ಮಹಿಮೆ, ಮತ್ತೆ ನಾಲ್ಕು ಪ್ಯಾರಾ ಜಗತ್ತಿನ ನೀರಿನ ಬರ. ಒಂಬತ್ತನೆಯದರಲ್ಲಿ ಮಾತ್ರ ಲೇಖಕಿಯ ತವರುಮನೆಯ ತೊಟ್ಟಿ ಮತ್ತು ಮರಳು, ಜಲ್ಲಿ ಹಾಕಿ ನೀರು ಸೋಸುವ ಅವರ ಅಪ್ಪನ ಏರ್ಪಾಡು ಬರುತ್ತದೆ.

‘ಚೆನ್ನಾಗಿದೆ, ಸ್ವಲ್ಪ ಬಿಗಿ ಮಾಡಿ’ ಎಂದರೆ ಅವರು ಎಲ್ಲ ಕಡೆ ನಾಲ್ಕು ನಾಲ್ಕು ಸಾಲು ಕತ್ತರಿಸಿ ಅದೇ ಬರಹವನ್ನು ಮತ್ತೆ ಕಳಿಸುತ್ತಾರೆ. ‘ನಾವು ಕೇಳಿದ್ದು ಇದಲ್ಲ’ ಎಂದಷ್ಟೇ ಹೇಳಿದರೆ ಮುಂದೆ ಬರೆಯುವುದನ್ನೇ ಬಿಡಬಹುದು.

ಉತ್ತರ ಬರೆಯುವ ಮೊದಲು ತಾವು ಕಳಿಸಿದ್ದ ಸೂಚನೆಯನ್ನು ಸಂಪಾದಕರು ಮತ್ತೊಮ್ಮೆ ಓದಬೇಕು. ಅದರಲ್ಲಿ ಬರೀ ‘ಮಳೆನೀರಿನ ಬಗ್ಗೆ ಬರೆದುಕೊಡಿ’ ಎಂದಿದ್ದರೆ ತಪ್ಪು ಅವರದೇ. ಅದನ್ನು ಪತ್ರದ ಮೊದಲ ಸಾಲಿನಲ್ಲೇ ಹೇಳುವುದು ನ್ಯಾಯ. ಸೂಚನೆ ಸ್ಪಷ್ಟವಾಗಿಯೇ ಇತ್ತೆಂದರೆ ಪತ್ರ ಹೀಗಿರಬಹುದು:

‘ಮೇಡಂ, ನಿಮ್ಮ ತಂದೆಯವರು ಮೊದಲ ಮಳೆಯ ಕೊಳೆನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸುತ್ತಿದ್ದರು ಎಂದು ಬರೆದಿದ್ದೀರಿ. ನಮ್ಮ ಓದುಗರಿಗೆ ಬೇಕಾದದ್ದು ಇದೇ. ಲೇಖನ ಈ ಒಂಬತ್ತನೇ ಪ್ಯಾರಾದಿಂದಲೇ ಶುರುವಾಗಲಿ. ಅದಕ್ಕಿಂತ ಹಿಂದಿನ ಎಂಟು ಪ್ಯಾರಾ ಈ ಲೇಖನಕ್ಕೆ ಬೇಡ. ಓದುಗರು ಕೇಳುವ ಮೂರು ಪ್ರಶ್ನೆಗಳಿಗೆ ಉತ್ತರ ಸೇರಿಸಿ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರಾಗುತ್ತದೆ; ಹಾಗಿದ್ದರೆ ತೊಟ್ಟಿ ಎಷ್ಟು ದೊಡ್ಡದಿರಬೇಕು? ಮರಳು, ಜಲ್ಲಿಯನ್ನು ಯಾವಾಗ ತೊಳೆಯಬೇಕು? ಖರ್ಚು ಎಷ್ಟು? ಮುಂದಿನ ಶುಕ್ರವಾರದೊಳಗೆ ಕಳಿಸಿದರೆ ಈ ಸಂಚಿಕೆಗೇ ಪರಿಶೀಲಿಸುತ್ತೇವೆ.’

ಇಲ್ಲಿ ಹೊಗಳಿಕೆಯೂ ಕೆಲಸಕ್ಕೆ ಬರುವಂಥದ್ದು, ಏಕೆಂದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಅದು ತೋರಿಸುತ್ತದೆ. ‘ಬೇಡ’ ಎಂದದ್ದು ಎಂಟು ಪ್ಯಾರಾಗಳನ್ನು, ಲೇಖಕಿಯ ಶೈಲಿಯನ್ನಲ್ಲ. ‘ಇನ್ನಷ್ಟು ವಿವರ ಬೇಕು’ ಎನ್ನುವ ಬದಲು ಪ್ರಶ್ನೆಗಳನ್ನೇ ಕೊಟ್ಟಿರುವುದರಿಂದ ಅವರು ತಂದೆಗೆ ಫೋನ್ ಮಾಡಿ ಕೇಳಬಹುದು, ಗಾರೆ ಕೆಲಸದವರ ಬಳಿ ಖರ್ಚು ವಿಚಾರಿಸಬಹುದು.

ಈ ಹಂತದಲ್ಲಿ ಕಾಗುಣಿತ ತಿದ್ದಲು ಹೋಗಬಾರದು. ಪುಟದ ತುಂಬ ಕೆಂಪು ಗುರುತು ಕಂಡರೆ ಲೇಖಕರು ಒತ್ತಕ್ಷರ ಸರಿಪಡಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ; ಬಿಟ್ಟುಹೋಗಬೇಕಾದ ಪ್ಯಾರಾಗಳು ತಪ್ಪಿಲ್ಲದ ಕನ್ನಡದಲ್ಲಿ ಹಾಗೇ ಉಳಿಯುತ್ತವೆ.

ಎರಡನೇ ಕರಡೂ ದಾರಿಗೆ ಬರದಿದ್ದರೆ, ಒಪ್ಪಿಗೆ ಕೇಳಿ ಸಂಪಾದಕರೇ ತಿದ್ದಿ ಬರೆಯಬಹುದು, ಇಲ್ಲವೇ ಪ್ರಕಟಿಸಲಾಗದು ಎನ್ನಬಹುದು. ಹಾಗೆನ್ನುವಾಗ ಕಾರಣವನ್ನೂ ನೇರವಾಗಿ ತಿಳಿಸಿ. ‘ಜಾಗವಿಲ್ಲ, ಮುಂದೆ ನೋಡೋಣ’ ಎಂದು ತಿಂಗಳುಗಟ್ಟಲೆ ಕಾಯಿಸಬೇಡಿ; ಬೇಗ ತಿಳಿದರೆ ಅವರು ಅದನ್ನು ಬೇರೆ ಪತ್ರಿಕೆಗಾದರೂ ಕಳಿಸಬಹುದು.